ಮಗುವಿನ ತಲೆಗೆ ಪೆಟ್ಟು: ಒಂದು ವಾಂತಿಯ ನಂತರದ 24 ಗಂಟೆಗಳು

ಈ ಲೇಖಕನು ವೈದ್ಯನಲ್ಲ. ಬ್ಯಾಂಕಿನಲ್ಲಿ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ವಾಣಿಜ್ಯ ಪದವೀಧರ. ಆದರೂ ಈ ವಿಷಯವನ್ನು ಕುರಿತು ಬರೆಯುವ ಧೈರ್ಯ ಮಾಡಿರುವುದಕ್ಕೆ ನಮ್ಮ ಮನೆಯಲ್ಲಿ ಕಳೆದ ಒಂದು ರಾತ್ರಿಯ ಅನುಭವವೂ, ಆ ರಾತ್ರಿ ಮಕ್ಕಳ ವೈದ್ಯೆಯೊಬ್ಬರು ತಾಳ್ಮೆಯಿಂದ ತಿಳಿಸಿಕೊಟ್ಟ ಸಂಗತಿಗಳೂ ಕಾರಣ. ಊರಿನಲ್ಲಾದರೆ ಅಜ್ಜಿಯೋ ಅತ್ತೆಯೋ ಬಳಿಯಲ್ಲಿರುತ್ತಾರೆ. ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ತಂದೆತಾಯಿಗಳಿಬ್ಬರೇ ನಿರ್ಧರಿಸಬೇಕಾಗುತ್ತದೆ.

ನಡೆದ ಸಂಗತಿ

ನಮ್ಮ ಕಿರಿಯ ಮಗನಿಗೆ ಆಗ ನಾಲ್ಕು ವರ್ಷ. ತೂಕ 16 ಕಿಲೋ. ಸಂಜೆ 6 ಗಂಟೆ 10 ನಿಮಿಷಕ್ಕೆ, ಸುಮಾರು ಒಂದೂವರೆ ಅಡಿ ಎತ್ತರದ ದಿವಾನದ ಮೇಲೆ ಕುಣಿಯುತ್ತಿದ್ದವನು ಮುಗ್ಗರಿಸಿ ನೆಲಕ್ಕೆ ಬಿದ್ದನು. ಹಣೆ ಬಡಿಯಿತು. ತಕ್ಷಣವೇ ಜೋರಾಗಿ ಅತ್ತನು. ಹಣೆಯ ಮೇಲೆ ನಿಂಬೆಯ ಗಾತ್ರದ ಊತವೆದ್ದಿತು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಮೆಲ್ಲಗೆ ಒತ್ತಿ ಹಿಡಿದೆವು. 6.40ಕ್ಕೆ, ಆಗತಾನೆ ಕುಡಿದಿದ್ದ ಹಾಲನ್ನೆಲ್ಲ ವಾಂತಿ ಮಾಡಿಕೊಂಡನು.

ನನ್ನ ಪತ್ನಿಯ ಮುಖ ಬಿಳಿಚಿಕೊಂಡಿತು. ನೆರೆಯ ಮರಾಠಿ ಆಜಿಯವರು, "ಏನೇ ಆಗಲಿ, ಮಗುವನ್ನು ಮಲಗಲು ಬಿಡಬೇಡಿ" ಎಂದು ಎಚ್ಚರಿಸಿದರು. ನಾವು ಕೂಡಲೇ ಮಗುವನ್ನೆತ್ತಿಕೊಂಡು ಬಡಾವಣೆಯ ವೈದ್ಯೆಯ ಬಳಿಗೆ ಹೋದೆವು.

ಒಂದು ವಾಂತಿಯ ಅರ್ಥವೇನು?

ವೈದ್ಯೆಯವರು ಮೊದಲು ಕೇಳಿದ್ದು ವಾಂತಿಯ ವಿಷಯವನ್ನಲ್ಲ. ಎಷ್ಟು ಎತ್ತರದಿಂದ ಬಿದ್ದನು? ಕೂಡಲೇ ಅತ್ತನೇ, ಅಥವಾ ಕೆಲಕಾಲ ಪ್ರಜ್ಞೆ ತಪ್ಪಿತ್ತೇ? ತಲೆಯ ಯಾವ ಭಾಗಕ್ಕೆ ಪೆಟ್ಟು ಬಿದ್ದಿತು? ಈಗ ಅವನ ನಡವಳಿಕೆ ಎಂದಿನಂತಿದೆಯೇ? ಗಾಯವಾದರೆ ರಕ್ತ ನಿಲ್ಲದಿರುವ ಕಾಯಿಲೆಯೇನಾದರೂ ಇದೆಯೇ? ಇವುಗಳಿಗೆ ಉತ್ತರ ದೊರೆತ ಮೇಲೆ ಕಣ್ಣು, ಕಿವಿ, ಕುತ್ತಿಗೆಗಳನ್ನು ಪರೀಕ್ಷಿಸಿ, ಮಗುವನ್ನು ನಡೆಯಿಸಿ ನೋಡಿದರು.

ತಲೆ ಅಲುಗಿದಾಗ ಮಕ್ಕಳಿಗೆ ಹೊಟ್ಟೆ ತೊಳಸುವುದು ಸಾಮಾನ್ಯ. ತುಂಬಿದ ಹೊಟ್ಟೆ, ಬಿಕ್ಕಿ ಬಿಕ್ಕಿ ಅಳುವುದು ಇವೂ ವಾಂತಿಗೆ ಸಾಕು. ಆದುದರಿಂದ ಪೆಟ್ಟಾದ ಅರ್ಧ ಗಂಟೆಯೊಳಗೆ ಒಮ್ಮೆ ವಾಂತಿಯಾಗಿ, ಬಳಿಕ ಮಗು ಚೇತರಿಸಿಕೊಂಡರೆ, ಅದೊಂದರಿಂದಲೇ ಮೆದುಳಿಗೆ ಅಪಾಯವಾಗಿದೆಯೆಂದು ಹೇಳಲಾಗದು. ಅದಕ್ಕಾಗಿ ಪ್ರತಿಯೊಂದು ಮಗುವಿಗೂ ಸಿ.ಟಿ. ಸ್ಕ್ಯಾನ್ ಮಾಡಿಸುವುದೂ ಸರಿಯಲ್ಲ. ಅದರ ವಿಕಿರಣವನ್ನು ಎಳೆಯ ಮೆದುಳಿಗೆ ಅನಗತ್ಯವಾಗಿ ತಾಗಿಸಬಾರದು.

ಹಾಗಾದರೆ 24 ಗಂಟೆ ಕಾಯುವುದೇಕೆ? ಕಿವಿಯ ಮೇಲ್ಭಾಗದ ಮೂಳೆ ತೆಳುವಾದುದು. ಅದರ ಒಳಬದಿಯಲ್ಲಿ ಒಂದು ರಕ್ತನಾಳವು ಹಾಯ್ದುಹೋಗುತ್ತದೆ. ಅಪರೂಪಕ್ಕೆ ಅದು ಹರಿದರೆ ಮೂಳೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತವು ನಿಧಾನವಾಗಿ ಶೇಖರವಾಗುತ್ತದೆ. ಮೊದಲ ಕೆಲವು ಗಂಟೆ ಮಗು ಆಡಿಕೊಂಡಿರಬಹುದು. ಒತ್ತಡ ಹೆಚ್ಚಿದಂತೆ ತಲೆನೋವು, ವಾಂತಿ, ಮಂಪರು ಒಂದರ ಹಿಂದೊಂದು ಬರುತ್ತವೆ. ನಾವು ಗಮನಿಸಬೇಕಾದುದು ಮಗುವಿನ ಸ್ಥಿತಿ ಯಾವ ದಿಕ್ಕಿಗೆ ಸಾಗುತ್ತಿದೆಯೆಂಬುದನ್ನು. ಗಂಟೆ ಕಳೆದಂತೆ ಸುಧಾರಿಸುತ್ತಿದ್ದರೆ ಸಮಾಧಾನ, ಇಳಿಮುಖವಾದರೆ ಆಸ್ಪತ್ರೆ.

ನಾವು ಮಾಡಿದ ವೀಕ್ಷಣೆ

ವೈದ್ಯೆಯವರ ಸಲಹೆಯಂತೆ ಒಂದು ಹಾಳೆಯಲ್ಲಿ ವೇಳೆ ನಮೂದಿಸುತ್ತ ಬಂದೆವು. ವಾಂತಿಯಾದ ಮೇಲೆ ಹೊಟ್ಟೆಗೆ ಸ್ವಲ್ಪ ವಿಶ್ರಾಂತಿ ಕೊಟ್ಟು, ನೀರನ್ನು ಚಮಚ ಚಮಚವಾಗಿ ಕುಡಿಸಿದೆವು. 8.30ಕ್ಕೆ ಸ್ವಲ್ಪ ಮೊಸರನ್ನ ತಿಂದನು, ಅಕ್ಕನೊಡನೆ ಜಗಳವಾಡಿದನು. ನೋವಿಗೆ ಪ್ಯಾರಾಸಿಟಮಾಲ್ ಸಿರಪ್ ಮಾತ್ರ ಕೊಡಬಹುದೆಂದು ವೈದ್ಯೆಯವರು ಅವನ ತೂಕಕ್ಕೆ ತಕ್ಕ ಪ್ರಮಾಣವನ್ನು ಬರೆದುಕೊಟ್ಟಿದ್ದರು. ಸಿರಪ್ಪಿನ ಶಕ್ತಿ ಸೀಸೆಯಿಂದ ಸೀಸೆಗೆ ಬೇರೆಯಾಗಿರುವುದರಿಂದ, ಚೀಟಿಯನ್ನೂ ಸೀಸೆಯ ಮೇಲಿನ ಅಂಕಿಯನ್ನೂ ತಾಳೆ ನೋಡಿಯೇ ಅಳೆಯಬೇಕು. ಆಸ್ಪಿರಿನ್ ಮಕ್ಕಳಿಗೆ ಸಲ್ಲದು.

ಒಂಬತ್ತಕ್ಕೆ ಮಗುವಿಗೆ ನಿದ್ದೆ ಬಂದಿತು. ಅದು ಅವನ ನಿತ್ಯದ ವೇಳೆ. ಮಲಗಬಹುದೆಂದು ವೈದ್ಯೆಯವರು ಮೊದಲೇ ಹೇಳಿದ್ದರು. ನಿದ್ದೆಯಿಂದ ಪೆಟ್ಟು ಕೆಡುವುದಿಲ್ಲ. ಆದರೆ ನಿದ್ದೆಯು ಮಂಪರನ್ನು ಮರೆಮಾಡಬಲ್ಲುದು. ಅದಕ್ಕಾಗಿ 11, 2 ಮತ್ತು 5 ಗಂಟೆಗೆ ನೋಡುವಂತೆ ತಿಳಿಸಿದ್ದರು. ಉಸಿರಾಟ ಸಮವಾಗಿದೆಯೇ, ಮೈಬಣ್ಣ ಸಹಜವಾಗಿದೆಯೇ ಎಂದು ನೋಡಿ, ಕೆನ್ನೆಯನ್ನು ಮೆಲ್ಲಗೆ ಮುಟ್ಟಬೇಕು. ಮಗು ಮುಖ ತಿರುಗಿಸಿ ಹೊದಿಕೆ ಎಳೆದುಕೊಂಡರೆ ಸಾಕು. ಸಂದೇಹವಾದರೆ ಪೂರ್ತಿ ಎಬ್ಬಿಸಿ ಹೆಸರು ಕೇಳಬೇಕು. ಎರಡು ಗಂಟೆಗೆ ನಮ್ಮವನು ಮಿಸುಕದಿದ್ದಾಗ ಎಬ್ಬಿಸಿ ಕೂರಿಸಿದೆವು. "ಅಮ್ಮಾ, ಬಿಡು" ಎಂದು ಗೊಣಗಿ ಮತ್ತೆ ಮಲಗಿದನು. ಸಿಟ್ಟಿನ ಆ ಎರಡು ಮಾತುಗಳಷ್ಟು ಹಿತವಾದ ಮಾತನ್ನು ನಾನು ಬೇರೆ ಕೇಳಿಲ್ಲ.

ಬೆಳಿಗ್ಗೆ ಹಸಿವೆಂದನು. ಸಂಜೆ 6.10ರ ವರೆಗೂ ಎರಡನೆಯ ವಾಂತಿಯಾಗಲಿಲ್ಲ.

ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು

1. ವಾಂತಿ ಮರುಕಳಿಸುವುದು, ಚೆನ್ನಾಗಿದ್ದ ಮಗು ಹಲವು ಗಂಟೆಗಳ ಮೇಲೆ ವಾಂತಿ ಮಾಡಿಕೊಳ್ಳುವುದು.
2. ಎಬ್ಬಿಸಲು ಕಷ್ಟವಾಗುವ ಮಂಪರು, ಗೊಂದಲ, ಮನೆಯವರ ಗುರುತು ಸಿಗದಿರುವುದು. ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪುವುದು.
3. ಹೆಚ್ಚುತ್ತಲೇ ಹೋಗುವ ತಲೆನೋವು. ಎಳೆಯ ಮಗುವಾದರೆ ಸಮಾಧಾನವಾಗದ ಅಳು.
4. ಸೆಳವು, ತೊದಲು ಮಾತು, ಓಲಾಡುವ ನಡಿಗೆ, ಕೈಕಾಲಿನಲ್ಲಿ ಬಲಹೀನತೆ.
5. ಒಂದು ಕಣ್ಣಿನ ಪಾಪೆ ಹೊಸದಾಗಿ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು. ಒಂದು ವಸ್ತು ಎರಡಾಗಿ ಕಾಣುವುದು.
6. ಮೂಗು ಅಥವಾ ಕಿವಿಯಿಂದ ತಿಳಿನೀರು ಇಲ್ಲವೆ ರಕ್ತ ಬರುವುದು. ಕಿವಿಯ ಹಿಂದೆ ಅಥವಾ ಎರಡೂ ಕಣ್ಣುಗಳ ಸುತ್ತ ಕಪ್ಪಾಗುವುದು.

ಪ್ರಜ್ಞೆ ಇಲ್ಲದಿದ್ದರೆ, ಸೆಳವು ಬಂದರೆ ಅಥವಾ ಕುತ್ತಿಗೆ ನೋಯುತ್ತಿದ್ದರೆ ಮಗುವನ್ನು ರಿಕ್ಷಾದಲ್ಲಿ ಅಲುಗಿಸುತ್ತ ಒಯ್ಯದೆ ಆಂಬುಲೆನ್ಸನ್ನೇ ಕರೆಯಬೇಕು. ಮಹಾರಾಷ್ಟ್ರದಲ್ಲಿ ಅದರ ಸಂಖ್ಯೆ 108.

ಕೆಲವು ಮಕ್ಕಳ ವಿಷಯದಲ್ಲಿ ಮನೆಯ ವೀಕ್ಷಣೆಯನ್ನೇ ನೆಚ್ಚಬಾರದು. ಒಂದು ವರ್ಷದೊಳಗಿನ ಕೂಸು, ನೆತ್ತಿಯ ಮೆದುಭಾಗ ಉಬ್ಬಿದ ಕೂಸು, ತಲೆಯ ಪಕ್ಕದಲ್ಲಿ ಅಥವಾ ಹಿಂಬದಿಯಲ್ಲಿ ಮೆತ್ತನೆಯ ಊತವಿರುವ ಎರಡು ವರ್ಷದೊಳಗಿನ ಮಗು, ಆ ವಯಸ್ಸಿನಲ್ಲಿ ಮೂರು ಅಡಿಗಿಂತ, ದೊಡ್ಡವರಾದರೆ ಐದು ಅಡಿಗಿಂತ ಎತ್ತರದಿಂದ ಬಿದ್ದವರು, ವಾಹನ ತಗುಲಿದವರು, ರಕ್ತ ಹೆಪ್ಪುಗಟ್ಟದ ಕಾಯಿಲೆಯುಳ್ಳವರು: ಇವರನ್ನು ವಾಂತಿಯಾಗಲಿ ಬಿಡಲಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಆ ಹಾಳೆಯ ಉಪಯೋಗ

ಅರ್ಧರಾತ್ರಿಯಲ್ಲಿ ಪರಭಾಷೆಯ ವೈದ್ಯರ ಮುಂದೆ ನಿಂತಾಗ ಗಾಬರಿಯಿಂದ ನಮಗೆ ಮಾತು ತಡವರಿಸುವುದು ಸಹಜ. ಬಿದ್ದ ವೇಳೆ, ಎತ್ತರ, ವಾಂತಿಯಾದ ವೇಳೆ, ಕೊಟ್ಟ ಔಷಧ, ಪ್ರತಿ ಸಲ ಕಂಡ ಸ್ಥಿತಿ ಇವಿಷ್ಟನ್ನು ಹಾಳೆಯಲ್ಲಿ ಬರೆದಿಟ್ಟಿದ್ದರೆ ಯಾವ ಭಾಷೆಯ ವೈದ್ಯರಿಗೂ ಅದನ್ನು ತೋರಿಸಿ ವಿವರಿಸುವುದು ಸುಲಭ. ಮಗುವನ್ನು ಆಯಾ ನೋಡಿಕೊಳ್ಳುವ ಮನೆಗಳಲ್ಲಿ, "ಬಿದ್ದರೆ ಬಯ್ಯುವುದಿಲ್ಲ, ಆದರೆ ಹೇಳಲೇಬೇಕು" ಎಂದು ಆಕೆಗೆ ಮೊದಲೇ ತಿಳಿಸಿಡುವುದು ಒಳ್ಳೆಯದು. ಬಿದ್ದ ವೇಳೆಯೇ ತಿಳಿಯದಿದ್ದರೆ 24 ಗಂಟೆಗಳನ್ನು ಎಲ್ಲಿಂದ ಎಣಿಸುವುದು?

ನಮ್ಮ ಮಗನನ್ನು ಎರಡು ದಿನ ಶಾಲೆಗೆ ಕಳುಹಿಸಲಿಲ್ಲ. ಓಟ, ಕುಣಿತಗಳಿಗೂ ತಡೆಯಿತ್ತು. ಮುಂದಿನ ದಿನಗಳಲ್ಲಿ ತಲೆನೋವು, ಸಿಡುಕು ಅಥವಾ ನಿದ್ರಾಭಂಗ ಮುಂದುವರಿದರೆ ಮತ್ತೆ ಬರಬೇಕೆಂದು ವೈದ್ಯೆಯವರು ಹೇಳಿದ್ದರು. ಅಂತಹ ಪ್ರಸಂಗ ಬರಲಿಲ್ಲ. ದಿವಾನವನ್ನು ಮಾತ್ರ ಗೋಡೆಯ ಮೂಲೆಗೆ ಸರಿಸಿ, ಅದರ ಮುಂದೆ ದಪ್ಪನೆಯ ಜಮಖಾನೆ ಹಾಸಿದ್ದೇವೆ.