ಕ್ರಿಯಾಟಿನ್ ಪುಡಿ ಮತ್ತು ರಕ್ತಪರೀಕ್ಷೆಯಲ್ಲಿ ಏರಿದ ಕ್ರಿಯಾಟಿನಿನ್

ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ‘ಸೀರಂ ಕ್ರಿಯಾಟಿನಿನ್’ ಎಂಬ ಸಾಲಿನ ಮುಂದೆ ದಪ್ಪ ಅಕ್ಷರದಲ್ಲಿ 1.4 ಎಂದಿದ್ದು, ಪಕ್ಕದಲ್ಲಿ ‘ಸಾಮಾನ್ಯ ಮಟ್ಟ 0.7ರಿಂದ 1.3’ ಎಂದು ಬರೆದಿದ್ದರೆ ಯಾರಿಗಾದರೂ ಗಾಬರಿಯಾಗುತ್ತದೆ. ಕಿಡ್ನಿ ಕೆಟ್ಟಿದೆ ಎಂದೇ ಮನೆಯವರು ತಿಳಿಯುತ್ತಾರೆ. ಅನೇಕ ಬಾರಿ ಆ ಭಯಕ್ಕೆ ಕಾರಣವಿರುತ್ತದೆ. ಆದರೆ ವರದಿ ಒಬ್ಬ ಗಟ್ಟಿಮುಟ್ಟಾದ ಯುವಕನದಾಗಿದ್ದು, ಆತ ವ್ಯಾಯಾಮಶಾಲೆಗೆ ಹೋಗುವವನಾಗಿದ್ದರೆ, ಗಾಬರಿಪಡುವ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ: ನೀವು ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುತ್ತಿದ್ದೀರಾ?

ಕ್ರಿಯಾಟಿನ್ ಮತ್ತು ಕ್ರಿಯಾಟಿನಿನ್ ಒಂದೇ ವಸ್ತುವಲ್ಲ. ಹೆಸರುಗಳು ಇಷ್ಟು ಹತ್ತಿರವಿರುವುದರಿಂದ ರೋಗಿಗಳು ಮಾತ್ರವಲ್ಲ, ಓದಿದವರೂ ಎಡವುತ್ತಾರೆ. ಮೊದಲನೆಯದು ನಮ್ಮ ಸ್ನಾಯುಗಳಲ್ಲಿ ಇರುವ, ಅವುಗಳ ಕೆಲಸಕ್ಕೆ ಬೇಕಾದ ವಸ್ತು. ಎರಡನೆಯದು ಅದರಿಂದ ಉಳಿಯುವ ತ್ಯಾಜ್ಯ. ಭಾರ ಎತ್ತುವಾಗ, ಓಡುವಾಗ, ಥಟ್ಟನೆ ಶಕ್ತಿ ಬೇಕಾದಾಗ ಸ್ನಾಯು ಕ್ರಿಯಾಟಿನ್ನಿನ ನೆರವು ಪಡೆಯುತ್ತದೆ. ಇದನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಮಾಂಸ, ಮೀನು ತಿನ್ನುವವರಿಗೆ ಆಹಾರದಿಂದಲೂ ದೊರೆಯುತ್ತದೆ. 1832ರಲ್ಲಿ ಫ್ರಾನ್ಸ್ ದೇಶದ ರಸಾಯನಶಾಸ್ತ್ರಜ್ಞ ಷೆವ್ರೋಲ್ ಇದನ್ನು ಮೊದಲು ಬೇರ್ಪಡಿಸಿದ್ದೂ ಮಾಂಸದಿಂದಲೇ. ರೊಟ್ಟಿ, ಬೇಳೆ, ಕಾಯಿಪಲ್ಲೆಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಇದರ ಸಂಗ್ರಹ ತುಸು ಕಡಿಮೆಯೇ ಇರುತ್ತದೆ, ಪುಡಿ ತಿನ್ನಲು ಆರಂಭಿಸಿದಾಗ ಆ ಸಂಗ್ರಹ ಎದ್ದು ಕಾಣುವಂತೆ ಏರುತ್ತದೆ. ಹಾಗೆಂದು ಸಸ್ಯಾಹಾರಿಗಳಿಗೆ ಇದು ಕೊರತೆಯ ಕಾಯಿಲೆಯೇನೂ ಅಲ್ಲ.

ಸುಮಾರು 70 ಕಿಲೋ ತೂಕದ ಗಂಡಸಿನ ದೇಹದಲ್ಲಿ ಹೆಚ್ಚುಕಡಿಮೆ 120 ಗ್ರಾಂ ಕ್ರಿಯಾಟಿನ್ ಇರುತ್ತದೆ, ಬಹುಪಾಲು ಸ್ನಾಯುಗಳಲ್ಲಿ. ಅದರಲ್ಲಿ ಪ್ರತಿದಿನ ನೂರಕ್ಕೆ ಎರಡು ಪಾಲಿನಷ್ಟು, ಅಂದರೆ ಸುಮಾರು 2 ಗ್ರಾಂ, ತಾನಾಗಿಯೇ ಕ್ರಿಯಾಟಿನಿನ್ ಆಗಿ ಮಾರ್ಪಡುತ್ತದೆ. ಇದು ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸಿ ಮೂತ್ರದ ಮೂಲಕ ಹೊರಹಾಕುತ್ತದೆ.

ಒಲೆಯ ಬೂದಿಯನ್ನು ನೆನಪಿಸಿಕೊಳ್ಳಿ. ಅಡುಗೆಮನೆಯಲ್ಲಿ ಬೂದಿ ಹೆಚ್ಚು ಕಂಡರೆ ಎರಡು ಕಾರಣಗಳಿರಬಹುದು. ಬೂದಿ ಬಾಚಿ ಹೊರಗೆ ಹಾಕುವವರು ಸೋತಿರಬಹುದು, ಇಲ್ಲವೇ ಈಚೆಗೆ ಸೌದೆಯನ್ನೇ ಹೆಚ್ಚು ಉರಿಸುತ್ತಿರಬಹುದು. ರಕ್ತಪರೀಕ್ಷೆ ಒಲೆಯ ಬಳಿ ಇರುವ ಬೂದಿಯನ್ನು ಮಾತ್ರ ಅಳೆಯುತ್ತದೆ. ಬೂದಿ ಏಕೆ ಹೆಚ್ಚಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಕ್ರಿಯಾಟಿನ್ ಪುಡಿ ತಿನ್ನುವುದೆಂದರೆ ಸೌದೆ ಹೆಚ್ಚು ಹಾಕಿದಂತೆ. ವ್ಯಾಯಾಮಶಾಲೆಗಳಲ್ಲಿ ಮೊದಲ ಐದಾರು ದಿನ ದಿನಕ್ಕೆ 20 ಗ್ರಾಂ, ನಂತರ ದಿನಕ್ಕೆ 3ರಿಂದ 5 ಗ್ರಾಂ ಎಂದು ಹೇಳಿಕೊಡುವುದು ರೂಢಿ. ಇದರಿಂದ ಸ್ನಾಯುವಿನ ಸಂಗ್ರಹ ಐದರಲ್ಲಿ ಒಂದು ಪಾಲಿನಷ್ಟು ಏರಬಹುದು. ಸಂಗ್ರಹ ಏರಿದರೆ ದಿನದ ತ್ಯಾಜ್ಯವೂ ಏರುತ್ತದೆ, ರಕ್ತದಲ್ಲಿ ಅಂಕಿ ಮೇಲೆ ಹೋಗುತ್ತದೆ. ಕಿಡ್ನಿಗೆ ಏನೂ ಆಗಿರುವುದಿಲ್ಲ.

ವರದಿಯಲ್ಲಿ ಇನ್ನೊಂದು ಸಾಲೂ ಇರುತ್ತದೆ, ‘ಇ.ಜಿ.ಎಫ್.ಆರ್.’ ಎಂದು. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿ ಲೀಟರ್ ರಕ್ತದ ನೀರನ್ನು ಸೋಸುತ್ತಿದೆ ಎಂಬ ಅಂದಾಜು ಇದು. ಇದನ್ನು ಬೇರೆಯಾಗಿ ಪರೀಕ್ಷಿಸಿರುವುದಿಲ್ಲ. ಅದೇ ಕ್ರಿಯಾಟಿನಿನ್ ಅಂಕಿಗೆ ವಯಸ್ಸು ಮತ್ತು ಗಂಡು-ಹೆಣ್ಣು ಎಂಬುದನ್ನು ಸೇರಿಸಿ ಯಂತ್ರ ಲೆಕ್ಕ ಹಾಕಿರುತ್ತದೆ. ಆದ್ದರಿಂದ ‘ಎರಡು ಪರೀಕ್ಷೆಗಳೂ ಕೆಟ್ಟಿವೆ’ ಎಂದು ತಿಳಿಯುವುದು ಸರಿಯಲ್ಲ. ಕೆಟ್ಟಿರುವುದು ಒಂದೇ ಅಂಕಿ, ಅದನ್ನು ಎರಡು ಸಲ ಬರೆಯಲಾಗಿದೆ.

ಉದಾಹರಣೆಗೆ ಒಂದು ಕುಟುಂಬ

ಡಯಾಲಿಸಿಸ್ ಮೇಲಿರುವ ಅಕ್ಕನಿಗೆ ತನ್ನ ಒಂದು ಕಿಡ್ನಿ ಕೊಡಲು 32 ವರ್ಷದ ತಮ್ಮ ಮುಂದೆ ಬಂದಿದ್ದಾನೆ ಎಂದುಕೊಳ್ಳಿ. ಕಟ್ಟುಮಸ್ತಾದ ಆಳು, 85 ಕಿಲೋ ತೂಕ, ಬಿ.ಪಿ. ಸರಿಯಾಗಿದೆ, ಸಕ್ಕರೆ ಇಲ್ಲ. ರಕ್ತದ ಕ್ರಿಯಾಟಿನಿನ್ 1.4 ಬಂದಿತು, ಇ.ಜಿ.ಎಫ್.ಆರ್. 68. ದಾನಿಗಳಲ್ಲಿ 90ಕ್ಕಿಂತ ಹೆಚ್ಚಿರುವುದು ಅಪೇಕ್ಷಣೀಯ. ಮನೆಯವರು ಕಂಗಾಲಾದರು. ಅಕ್ಕನಿಗೆ ಕೊಡುವ ಮಾತು ಒತ್ತಟ್ಟಿಗಿರಲಿ, ಇವನಿಗೂ ಅದೇ ಕಾಯಿಲೆ ಬಂತೇ ಎಂದು ತಾಯಿ ಅತ್ತರು. ಒಂದೇ ಮನೆಯಲ್ಲಿ ಇಬ್ಬರಿಗೆ ಕಿಡ್ನಿ ತೊಂದರೆ ಇರುವುದು ಉಂಟು, ಹಾಗಾಗಿ ಆ ಭಯವನ್ನು ಸುಮ್ಮನೆ ತಳ್ಳಿಹಾಕುವಂತೆಯೂ ಇರಲಿಲ್ಲ.

ವೈದ್ಯರು ಕೇಳಿದಾಗ ಆತ ‘ಔಷಧಿ ಏನೂ ಇಲ್ಲ’ ಎಂದ. ಮತ್ತೆ ಬಿಡಿಸಿ ಕೇಳಿದಾಗ ಆರು ತಿಂಗಳಿಂದ ದಿನಕ್ಕೆ 5 ಗ್ರಾಂ ಕ್ರಿಯಾಟಿನ್ ಪುಡಿ ನೀರಿನಲ್ಲಿ ಕಲಸಿ ಕುಡಿಯುತ್ತಿರುವುದು ತಿಳಿಯಿತು. ಪುಡಿಯನ್ನು ಜನ ಔಷಧಿ ಎಂದು ಭಾವಿಸುವುದಿಲ್ಲ, ಆದ್ದರಿಂದ ಹೇಳುವುದೂ ಇಲ್ಲ.

ಆಗ ಮಾಡಿಸಿದ್ದು 24 ಗಂಟೆಯ ಮೂತ್ರಪರೀಕ್ಷೆ. ಒಲೆಯ ಬಳಿಯ ಬೂದಿ ನೋಡಿದ್ದಾಯಿತು, ಈಗ ತಿಪ್ಪೆಗೆ ದಿನಕ್ಕೆ ಎಷ್ಟು ಬೂದಿ ಬೀಳುತ್ತಿದೆ ಎಂದು ನೋಡುವುದು. ಆತನ ಇಡೀ ದಿನದ ಮೂತ್ರದಲ್ಲಿ 2400 ಮಿಲಿ ಗ್ರಾಂ ಕ್ರಿಯಾಟಿನಿನ್ ಇತ್ತು. ದಿನಕ್ಕೆ 1440 ನಿಮಿಷ, ಅಂದರೆ ನಿಮಿಷಕ್ಕೆ ಸುಮಾರು 1.67 ಮಿಲಿ ಗ್ರಾಂ ಹೊರಹೋಗುತ್ತಿದೆ. ರಕ್ತದಲ್ಲಿ 1.4 ಎಂದರೆ ನೂರು ಮಿಲಿ ಲೀಟರಿನಲ್ಲಿ 1.4 ಮಿಲಿ ಗ್ರಾಂ, ಒಂದು ಮಿಲಿ ಲೀಟರಿನಲ್ಲಿ 0.014. ಹಾಗಾದರೆ 1.67 ಮಿಲಿ ಗ್ರಾಂ ಹೊರಹಾಕಲು ನಿಮಿಷಕ್ಕೆ ಸುಮಾರು 119 ಮಿಲಿ ಲೀಟರ್ ಸೋಸಲೇಬೇಕು. ಇದು ಸೋತ ಕಿಡ್ನಿಯ ಕೆಲಸವಲ್ಲ.

ಇದೇ 1.4 ಅಂಕಿ 65 ವರ್ಷದ, ತೆಳ್ಳಗಿನ ಅಜ್ಜಿಯ ವರದಿಯಲ್ಲಿ ಬಂದರೆ ಲೆಕ್ಕ ಬೇರೆಯಾಗುತ್ತದೆ. ಅವರ ಸ್ನಾಯುಗಳು ಕಡಿಮೆ, ಇಡೀ ದಿನಕ್ಕೆ 800 ಮಿಲಿ ಗ್ರಾಂ ಮಾತ್ರ ಹೊರಬರುತ್ತದೆ ಎನ್ನಿ. ಮೇಲಿನಂತೆಯೇ ಲೆಕ್ಕ ಹಾಕಿದರೆ ನಿಮಿಷಕ್ಕೆ 40 ಮಿಲಿ ಲೀಟರ್. ತಮ್ಮನ 1.4ಕ್ಕೆ ಹೆದರಬೇಕಿಲ್ಲ, ಅಜ್ಜಿಯ 1.4ನ್ನು ಅಲಕ್ಷಿಸುವಂತಿಲ್ಲ. ನಮ್ಮ ಅನಿಸಿಕೆಯಲ್ಲಿ ಮನೆಗಳಲ್ಲಿ ಹೆಚ್ಚಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಯುವಕನ ವರದಿಗೆ ಊರೆಲ್ಲ ಓಡಾಡುತ್ತಾರೆ, ಅಜ್ಜಿಯದನ್ನು ‘ವಯಸ್ಸಾಯಿತಲ್ಲ’ ಎಂದು ಮಡಿಸಿಡುತ್ತಾರೆ.

ತಮ್ಮನಿಗೆ ಪುಡಿ ನಿಲ್ಲಿಸಲು ಹೇಳಿ ನಾಲ್ಕು ವಾರ ಬಿಟ್ಟು ಮತ್ತೆ ಪರೀಕ್ಷಿಸಲಾಯಿತು. ಸ್ನಾಯುವಿನ ಸಂಗ್ರಹ ಮೊದಲಿನ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ ಎರಡೇ ದಿನ ಬಿಟ್ಟು ನೋಡಿದರೆ ಪ್ರಯೋಜನವಿಲ್ಲ. ಈ ಬಾರಿ ರಕ್ತದಲ್ಲಿ 1.2, ಮೂತ್ರದಲ್ಲಿ 2050 ಮಿಲಿ ಗ್ರಾಂ. ಲೆಕ್ಕ ಹಾಕಿದರೆ ಮತ್ತೆ 119. ಸೌದೆ ಕಡಿಮೆಯಾಯಿತು, ಬೂದಿಯೂ ಕಡಿಮೆಯಾಯಿತು, ಬಾಚುವ ಕೈ ಮೊದಲಿನಂತೆಯೇ ಇತ್ತು. ಇ.ಜಿ.ಎಫ್.ಆರ್. ಮಾತ್ರ ಈಗಲೂ 82 ಎಂದೇ ತೋರಿಸುತ್ತಿತ್ತು. ಆತನ ಸ್ನಾಯುಗಳೇ ದೊಡ್ಡವು, ಆ ಸೂತ್ರಕ್ಕೆ ಅದು ಗೊತ್ತಿಲ್ಲ.

24 ಗಂಟೆಯ ಲೆಕ್ಕಕ್ಕೂ ಒಂದು ಮಿತಿ ಇದೆ. ಕಿಡ್ನಿ ಸೋಸುವುದಲ್ಲದೆ ಸ್ವಲ್ಪ ಕ್ರಿಯಾಟಿನಿನ್ನನ್ನು ತನ್ನ ನಾಳಗಳ ಮೂಲಕವೂ ಹೊರಹಾಕುತ್ತದೆ, ಹಾಗಾಗಿ ಈ ಲೆಕ್ಕ ನಿಜಕ್ಕಿಂತ ತುಸು ಹೆಚ್ಚು ತೋರಿಸುತ್ತದೆ. ಆದ್ದರಿಂದ ದಾನಿಯ ವಿಷಯದಲ್ಲಿ ಇಷ್ಟಕ್ಕೇ ನಿಲ್ಲುವುದಿಲ್ಲ. ‘ಸಿಸ್ಟಾಟಿನ್ ಸಿ’ ಎಂಬ ಇನ್ನೊಂದು ರಕ್ತಪರೀಕ್ಷೆ ಇದೆ. ಈ ವಸ್ತು ಸ್ನಾಯುವಿನಿಂದ ಮಾತ್ರ ಬರುವುದಲ್ಲ, ದೇಹದ ಬಹುತೇಕ ಜೀವಕೋಶಗಳಿಂದ ಬರುತ್ತದೆ, ಕ್ರಿಯಾಟಿನ್ ಪುಡಿಯಿಂದ ಏರುವುದಿಲ್ಲ. ಆದರೆ ಥೈರಾಯ್ಡ್ ತೊಂದರೆ ಇದ್ದರೆ ಅಥವಾ ಸ್ಟೀರಾಯ್ಡ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ಇದೂ ದಾರಿ ತಪ್ಪಿಸಬಲ್ಲದು. ದಾನಿಗಳಿಗೆ ಡಿ.ಟಿ.ಪಿ.ಎ. ಸ್ಕ್ಯಾನ್ ಮಾಡಿ ಸೋಸುವ ಪ್ರಮಾಣವನ್ನು ಅಂದಾಜಿನಿಂದಲ್ಲದೆ ಅಳೆದೇ ನೋಡಬಹುದು.

ಪುಡಿಯ ಮೇಲೆ ಹೊರೆ ಹಾಕಿ ಕೂರಬೇಡಿ

ಇಷ್ಟು ಓದಿದವರು ‘ನಾನೂ ಪುಡಿ ತಿನ್ನುತ್ತೇನೆ, ಆದ್ದರಿಂದ ನನ್ನ ಅಂಕಿಯೂ ಸುಳ್ಳು’ ಎಂದು ತಾವೇ ತೀರ್ಮಾನಿಸಬಾರದು. ಪುಡಿ ತಿನ್ನುವವರಿಗೂ ಕಿಡ್ನಿ ಕಾಯಿಲೆ ಬರಬಹುದು. ಪುಡಿಯಿಂದ ಆಗುವ ಏರಿಕೆ ಸಾಮಾನ್ಯವಾಗಿ ಅಲ್ಪ, ಮತ್ತು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಕ್ರಿಯಾಟಿನಿನ್ 2ನ್ನು ದಾಟಿದ್ದರೆ, ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಏರುತ್ತಲೇ ಹೋಗುತ್ತಿದ್ದರೆ, ಪುಡಿ ಬಿಟ್ಟು ಆರು ವಾರವಾದರೂ ಇಳಿಯದಿದ್ದರೆ ಬೇರೆ ಕಾರಣವನ್ನು ಹುಡುಕಲೇಬೇಕು. ಮೂತ್ರದಲ್ಲಿ ಆಲ್ಬುಮಿನ್ ಅಥವಾ ರಕ್ತ ಕಂಡರೆ, ಬಿ.ಪಿ. ಏರಿದ್ದರೆ, ಮುಖ ಅಥವಾ ಕಾಲು ಊದಿಕೊಂಡಿದ್ದರೆ, ಅದು ಪುಡಿಯ ಆಟವಲ್ಲ. ಕ್ರಿಯಾಟಿನ್ ಮೂತ್ರದಲ್ಲಿ ಆಲ್ಬುಮಿನ್ ಬರಿಸುವುದಿಲ್ಲ. ಇದಕ್ಕಾಗಿಯೇ ರಕ್ತದ ಜೊತೆಗೆ ಸಾದಾ ಮೂತ್ರಪರೀಕ್ಷೆಯನ್ನೂ ಬರೆದುಕೊಡುವುದು. ಖರ್ಚು ಉಳಿಸಲೆಂದು ಅದನ್ನು ಬಿಡಬೇಡಿ.

ವ್ಯಾಯಾಮ ಮಾಡುವವರು ಎರಡು ವಿಷಯ ಮುಚ್ಚಿಡಬಾರದು. ಒಂದು, ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೇನ್ ಮುಂತಾದ ಮಾತ್ರೆಗಳು. ಇವು ಕಿಡ್ನಿಗೆ ನಿಜವಾದ ಹಾನಿ ಮಾಡಬಲ್ಲವು. ಇನ್ನೊಂದು, ರೂಢಿಯಿಲ್ಲದ ಕಠಿಣ ವ್ಯಾಯಾಮದ ಮರುದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ, ಸ್ನಾಯುಗಳು ಬಿಗಿದು ವಿಪರೀತ ನೋಯುವುದು. ಅದು ಸ್ನಾಯು ಒಡೆದು ಅದರೊಳಗಿನ ವಸ್ತು ಕಿಡ್ನಿಗೆ ಸೇರುತ್ತಿರುವ ಲಕ್ಷಣ, ಅಂದೇ ಆಸ್ಪತ್ರೆಗೆ ಬರಬೇಕು.

ಆರೋಗ್ಯವಂತರು ಹೇಳಿದ ಪ್ರಮಾಣದಲ್ಲಿ ಕ್ರಿಯಾಟಿನ್ ತೆಗೆದುಕೊಂಡಾಗ ಕಿಡ್ನಿಗೆ ಹಾನಿಯಾದದ್ದು ಇದುವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಈಗಾಗಲೇ ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಬೇರೇನೂ ಇಲ್ಲದಿದ್ದರೂ, ನಿಮ್ಮ ಕಾಯಿಲೆಯ ಏರಿಳಿತವನ್ನು ಅಳೆಯುವ ಅಂಕಿಯನ್ನೇ ಅದು ಕದಡಿಬಿಡುತ್ತದೆ.

ಪರೀಕ್ಷೆಗೆ ಬರುವಾಗ

ಪುಡಿಯ ಡಬ್ಬಿಯನ್ನೇ ಜೊತೆಗೆ ತನ್ನಿ. ‘ಪ್ರೋಟೀನ್ ಪುಡಿ’ ಎಂದು ಹೇಳಿ ಮಾರುವ ಕೆಲವು ಡಬ್ಬಿಗಳಲ್ಲಿ ಕ್ರಿಯಾಟಿನ್ ಸೇರಿರುತ್ತದೆ, ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದರೆ ಮಾತ್ರ ಗೊತ್ತಾಗುತ್ತದೆ. ಹಿಂದಿನ ರಾತ್ರಿ ಮಾಂಸದೂಟ ಬೇಡ. ಬೇಯಿಸಿದ ಮಾಂಸದಲ್ಲಿ ಕ್ರಿಯಾಟಿನಿನ್ ಇರುವುದರಿಂದ ಕೆಲವು ಗಂಟೆಗಳ ಕಾಲ ಅಂಕಿ ಏರುತ್ತದೆ. ಹಿಂದಿನ ಎರಡು ದಿನ ಭಾರ ಎತ್ತುವ ವ್ಯಾಯಾಮವನ್ನೂ ಬಿಡಿ.

24 ಗಂಟೆಯ ಮೂತ್ರ ಹಿಡಿಯುವಾಗಲೇ ಹೆಚ್ಚಿನ ತಪ್ಪುಗಳಾಗುವುದು. ಬೆಳಿಗ್ಗೆ ಎದ್ದೊಡನೆ ಮಾಡುವ ಮೊದಲ ಮೂತ್ರವನ್ನು ಹೊರಗೆ ಚೆಲ್ಲಿ, ಆ ಹೊತ್ತನ್ನು ಬರೆದಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಹಗಲು ರಾತ್ರಿ ಮಾಡುವ ಎಲ್ಲ ಮೂತ್ರವೂ ಕ್ಯಾನಿಗೆ ಬೀಳಬೇಕು, ಶೌಚಕ್ಕೆ ಹೋದಾಗಿನದ್ದೂ ಸೇರಿ. ಮರುದಿನ ಅದೇ ಹೊತ್ತಿಗೆ ಮಾಡಿದ ಮೂತ್ರವನ್ನು ಚೆಲ್ಲದೆ ಕ್ಯಾನಿಗೆ ಹಾಕಿ ಮುಗಿಸಿ. ಕ್ಯಾನನ್ನು ತಂಪಾದ ಜಾಗದಲ್ಲಿಡಿ. ಒಂದು ಸಲ ಮರೆತು ಹೊರಗೆ ಹೋದರೂ ತಿಪ್ಪೆಯಲ್ಲಿ ಬೂದಿ ಕಡಿಮೆ ಕಂಡು ಚೆನ್ನಾಗಿರುವ ಕಿಡ್ನಿಯೂ ಸೋತಂತೆ ಲೆಕ್ಕ ಬರುತ್ತದೆ. ಹಾಗಾದರೆ ಸಂಕೋಚಪಡದೆ ಪ್ರಯೋಗಾಲಯದವರಿಗೆ ಹೇಳಿ, ಮರುದಿನ ಹೊಸದಾಗಿ ಶುರು ಮಾಡಿದರಾಯಿತು.