ಖಾಲಿ ಗಾಡಿಯ ತೂಕ

ಮುಧೋಳ, ಜಮಖಂಡಿ, ಬೀಳಗಿ ಭಾಗದಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಕಾರ್ಖಾನೆ ಮುಂದಿನ ಟ್ರ್ಯಾಕ್ಟರ್ ಸಾಲು ರಾತ್ರಿಯಿಡೀ ಕರಗುವುದಿಲ್ಲ. ಅಂಥದೊಂದು ಕಾರ್ಖಾನೆಯ ಕಾಟಾದಲ್ಲಿ ನಾನು ಕ್ಲರ್ಕ್ ಆಗಿದ್ದೆ. ತುಂಬಿದ ಗಾಡಿ ತೂಗಬೇಕು, ಕಬ್ಬು ಇಳಿಸಿ ಬಂದ ಮೇಲೆ ಖಾಲಿ ಗಾಡಿ ತೂಗಬೇಕು. ಎರಡರ ನಡುವಿನ ವ್ಯತ್ಯಾಸಕ್ಕೇ ರೈತನಿಗೆ ಬಿಲ್ಲು. ಒಂದು ಹಂಗಾಮಿನ ನಡುವೆ ಮೇಲಧಿಕಾರಿ ಹೇಳಿದರು: "ಖಾಲಿ ಗಾಡಿ ತೂಗೂದು ಬಿಡು. ಹಂಗಾಮಿನ ಮೊದಲಿಗೆ ತಗೊಂಡ ತೂಕ ಕಂಪ್ಯೂಟರಿನ್ಯಾಗ ಐತಲ್ಲ, ಅದನ್ನ ಹಾಕು."

ಅವರಿಗೆ ಕಾರಣವಿತ್ತು. ಸಾಲು ಉದ್ದವಾದಷ್ಟೂ ಕಡಿದ ಕಬ್ಬು ಒಣಗಿ ರೈತನ ತೂಕವೇ ಇಳಿಯುತ್ತದೆ. ಹಾಗಾಗಿ ಇದನ್ನು ಮೋಸ ಅನ್ನುವ ಮೊದಲು ಲೆಕ್ಕ ಹಾಕಿ ನೋಡಬೇಕು ಅನ್ನಿಸಿತು. ಹೇಳಿದ್ದನ್ನು ಜಾರಿಗೆ ತರದೆ, ಒಂದಷ್ಟು ಗಾಡಿಗಳನ್ನು ಖಾಲಿ ತೂಗಿ, ಹಳೆಯ ತೂಕದ ಪಕ್ಕದಲ್ಲಿ ಬರೆದಿಟ್ಟೆ.

ರಬಕವಿ-ಬನಹಟ್ಟಿ ಕಡೆಯ ಒಂದು ಡಬಲ್ ಟ್ರಾಲಿ ತುಂಬಿದಾಗ 28,400 ಕಿಲೋ ಇತ್ತು. ಕಂಪ್ಯೂಟರಿನಲ್ಲಿದ್ದ ಖಾಲಿ ತೂಕ 6,900. ಈಗ ತೂಗಿದರೆ 6,720. ಮೊದಲ ಸಲ ತೂಗಿದಾಗ ಕಬ್ಬು ಕಡಿಯುವವರ ಪಾತ್ರೆ-ಪಗಡ, ತಾಡಪಾಲು ಟ್ರಾಲಿಯಲ್ಲೇ ಇದ್ದವಂತೆ. ಹಳೆಯ ತೂಕ ಹಾಕಿದ್ದರೆ ರೈತನ 180 ಕಿಲೋ ಕಬ್ಬು ಹೋಗುತ್ತಿತ್ತು. ಟನ್ನಿಗೆ 3,300 ರೂಪಾಯಿ ಹಿಡಿದರೆ ಒಂದೇ ಖೇಪಿಗೆ 594 ರೂಪಾಯಿ. ಟ್ರಾಲಿ ಬದಲಿಸಿದ್ದ ಇನ್ನೊಂದು ಗಾಡಿಯಲ್ಲಿ ಹಾನಿ ಕಾರ್ಖಾನೆಗೇ ಆಗುತ್ತಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಚೀಟಿ. ಅದರ ಮೇಲೆ ಖಾಲಿ ತೂಕದ ಪಕ್ಕ ಅವತ್ತಿನ ತಾರೀಖು, ಸಮಯ ಅಚ್ಚಾಗುತ್ತದೆ. ತೂಗದ ಗಾಡಿಗೆ ತೂಗಿದ ಸಮಯ ಬಿದ್ದರೆ ಆ ಚೀಟಿಯೇ ಸುಳ್ಳು. ಕಾಟಾಕ್ಕೆ ವರ್ಷಕ್ಕೊಮ್ಮೆ ಬೀಳುವ ಸರ್ಕಾರಿ ಮುದ್ರೆ ಯಂತ್ರ ಸರಿಯಿದೆ ಅಂತಷ್ಟೇ ಹೇಳುತ್ತದೆ, ಕ್ಲರ್ಕ್ ಒತ್ತುವ ಅಂಕಿಗೆ ಅದು ಹೊಣೆಯಲ್ಲ. ಆ ಹೊಣೆ ನನ್ನದಾಗಿತ್ತು.

ಬರೆದ ಹಾಳೆ ಹಿಡಿದು ಮೇಲಧಿಕಾರಿಯ ಹತ್ತಿರ ಒಬ್ಬನೇ ಹೋದೆ. ಸಾಲಿನಲ್ಲಿದ್ದವರ ಎದುರು ಮಾತೆತ್ತಿದ್ದರೆ ಅದು ಜಗಳವಾಗುತ್ತಿತ್ತು. "ಸಾಹೇಬ್ರ, ತೂಗದ ಗಾಡಿಗೆ ಟೈಮ್ ಹ್ಯಾಂಗ ಹಾಕೂದ್ರಿ? ಇದನ್ನ ಬರದು ಕೊಡ್ರಿ, ಇಲ್ಲಾಂದ್ರ ಚೀಟಿ ಮ್ಯಾಲ 'ಹಳೇ ತೂಕ' ಅಂತ ಬೀಳೂ ಹಂಗ ಮಾಡಸ್ರಿ" ಅಂದೆ. ಜೊತೆಗೆ, ಖಾಲಿ ಗಾಡಿಗಳಿಗೆ ಎರಡನೇ ಕಾಟಾ ಬಿಟ್ಟುಕೊಟ್ಟರೆ ಸಾಲು ಕರಗುತ್ತದೆ ಅಂತಲೂ ಹೇಳಿದೆ. ಬರಿಗೈಲಿ "ಆಗೂದಿಲ್ಲ" ಅಂದಿದ್ದರೆ ಅವರ ತೊಂದರೆ ಅವರಿಗೇ ಉಳಿಯುತ್ತಿತ್ತು. ಅವತ್ತು ಸಂಜೆಯೇ ನಾನು ತಿಳಿದುಕೊಂಡದ್ದನ್ನು ಮೆಸೇಜಿನಲ್ಲಿ ಅವರಿಗೆ ಬರೆದು ಕಳಿಸಿದೆ.

ಬರೆದು ಕೊಡಲು ಅವರು ಒಪ್ಪಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ. ಆಮೇಲೆ ಎರಡನೇ ಕಾಟಾ ಖಾಲಿ ಗಾಡಿಗಳಿಗೆ ಬಂತು.

ಅವರು ಲಿಖಿತವಾಗಿಯೇ ಕೊಟ್ಟಿದ್ದರೆ? ಕಾರ್ಖಾನೆಯ ಜನರಲ್ ಮ್ಯಾನೇಜರ್ ಹತ್ತಿರ ಹೋಗುತ್ತಿದ್ದೆ. ಅಲ್ಲೂ ಆಗದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಆ ಆದೇಶ ಮತ್ತು ನಾನು ತೂಗಿದ ಅಂಕಿಗಳೊಂದಿಗೆ. ರೈತರ ಹೆಸರು, ಬ್ಯಾಂಕ್ ಖಾತೆ ಇರುವ ರಜಿಸ್ಟರನ್ನು ಮಾತ್ರ ಗೇಟಿನಿಂದ ಹೊರಗೆ ಒಯ್ಯುತ್ತಿರಲಿಲ್ಲ. ಅವನ್ನು ರೈತರು ನಂಬಿ ಕೊಟ್ಟದ್ದು ಬಿಲ್ಲಿಗಾಗಿ.