ಚೀಟಿ ಎತ್ತಿದರೆ ನಿಜಕ್ಕೂ ಬಡ್ಡಿ ಎಷ್ಟು ಬೀಳುತ್ತದೆ?

ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಬಂದ ನಮಗೆ ಚೀಟಿ ಹೊಸತಲ್ಲ. ಜೂನ್ ಬಂತೆಂದರೆ ಮನೆಯಲ್ಲಿ ಖರ್ಚು ಒಟ್ಟಿಗೇ ಬೀಳುತ್ತದೆ. ತೋಟಕ್ಕೆ ಮದ್ದು ಬಿಡಬೇಕು, ಕಾಲೇಜಿನ ಫೀಸು ಕಟ್ಟಬೇಕು. ಅಡಿಕೆಗೆ ರೇಟು ಬರಲಿ ಎಂದು ಮಾರದೆ ಇಟ್ಟಿರುತ್ತಾರೆ. ಆಗ "ಈ ತಿಂಗಳು ಚೀಟಿ ಎತ್ತುವ" ಎನ್ನುವ ಮಾತು ಬರುತ್ತದೆ.

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕ್ಲಾಸಿನ ಒಬ್ಬನ ಮನೆಯಲ್ಲಿ ಹೀಗೇ ಆಯಿತು. ಒಂದು ಲಕ್ಷದ ಚೀಟಿಯನ್ನು ಆರನೇ ತಿಂಗಳಲ್ಲಿ 25,000 ರೂಪಾಯಿ ಬಿಟ್ಟುಕೊಟ್ಟು ಎತ್ತಿದರು. "ವರ್ಷಕ್ಕೆ ಶೇಕಡಾ 9 ಬೀಳುತ್ತದೆ ಅಷ್ಟೆ, ಬ್ಯಾಂಕಿಗಿಂತ ಕಡಿಮೆ" ಎಂದು ಅವನು ಹೇಳಿದ. ನಾವು ಹಾಸ್ಟೆಲಿನಲ್ಲಿ ಕೂತು ಲೆಕ್ಕ ಹಾಕಿ ನೋಡಿದೆವು. ಬಂದ ಉತ್ತರ ಬೇರೆಯೇ. ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿ ಆ ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇವೆ.

ಚೀಟಿಯ ವಿವರ

20 ಜನ, 20 ತಿಂಗಳು, ತಿಂಗಳಿಗೆ 5,000 ರೂ. ಒಟ್ಟು 1,00,000. ಪ್ರತಿ ತಿಂಗಳು ಏಲಂ. ಯಾರು ಹೆಚ್ಚು ಬಿಟ್ಟುಕೊಡುತ್ತಾರೋ ಅವರಿಗೆ ಚೀಟಿ. ಬಿಟ್ಟ ಹಣದಲ್ಲಿ 5,000 ಚೀಟಿ ನಡೆಸುವ ಫೋರ್‌ಮನ್‌ನ ಕಮಿಷನ್. ಉಳಿದದ್ದನ್ನು ಎತ್ತಿದವರೂ ಸೇರಿ 20 ಜನರಿಗೆ ಸಮನಾಗಿ ಹಂಚಿ ಆ ತಿಂಗಳ ಕಂತಿನಲ್ಲಿ ಕಳೆಯುತ್ತಾರೆ. (1982ರ ಚಿಟ್ ಫಂಡ್ಸ್ ಕಾಯ್ದೆಯಲ್ಲಿ ಕಮಿಷನ್ನಿನ ಮಿತಿ ಶೇಕಡಾ 5 ಇತ್ತು, 2019ರ ತಿದ್ದುಪಡಿ ಅದನ್ನು 7ಕ್ಕೆ ಏರಿಸಿತು.)

ಏಲಂ ಹೀಗೆ ನಡೆಯಿತು ಎಂದಿಟ್ಟುಕೊಳ್ಳಿ:

- 1–5ನೇ ತಿಂಗಳು: ಬಿಟ್ಟದ್ದು 30,000, ಕಂತು 3,750
- 6–10: ಬಿಟ್ಟದ್ದು 25,000, ಕಂತು 4,000
- 11–15: ಬಿಟ್ಟದ್ದು 15,000, ಕಂತು 4,500
- 16–20: ಬಿಟ್ಟದ್ದು 5,000, ಕಂತು 5,000

ಒಟ್ಟು ಕಟ್ಟುವುದು 86,250. ಆರನೇ ತಿಂಗಳಲ್ಲಿ ಕೈಗೆ ಬಂದದ್ದು 75,000. ವ್ಯತ್ಯಾಸ 11,250, ಅಂದರೆ 75,000ದ ಶೇಕಡಾ 15. ಅದು 20 ತಿಂಗಳಿಗೆ, ಹಾಗಾದರೆ ವರ್ಷಕ್ಕೆ 9. ಗೆಳೆಯನ ಲೆಕ್ಕ ಇದು.

ತಪ್ಪಿದ್ದು ಎಲ್ಲಿ?

ಎರಡು ಕಡೆ. ಮೊದಲನೆಯದು, ಆ 75,000 ಪೂರ್ತಿ ಸಾಲವಲ್ಲ. ಐದು ತಿಂಗಳು ಕಟ್ಟಿದ 18,750 ನಮ್ಮದೇ ದುಡ್ಡು, ಅದೇ ವಾಪಸ್ ಬಂದಿದೆ. ಎರಡನೆಯದು, ಸಾಲ 20 ತಿಂಗಳು ನಮ್ಮ ಕೈಯಲ್ಲಿ ಇರುವುದಿಲ್ಲ. ಎತ್ತಿದ ಮರು ತಿಂಗಳಿನಿಂದಲೇ ಕಂತು ಕಂತಾಗಿ ತೀರುತ್ತಾ ಹೋಗುತ್ತದೆ.

"ಹಾಗಾದರೆ ಸ್ಪ್ರೆಡ್‌ಶೀಟಿನಲ್ಲಿ `IRR` ಹಾಕಿದರೆ ಮುಗಿಯಿತಲ್ಲ" ಎಂದು ನಮ್ಮಲ್ಲೇ ಒಬ್ಬರು ಹೇಳಿದರು. ನಾವೂ ಹಾಕಿದೆವು. ಇಲ್ಲಿ ಒಂದು ತೊಡಕಿದೆ. ಹಣದ ಹರಿವು ಮೊದಲು ಋಣ (ಐದು ಕಂತು), ಆಮೇಲೆ ಧನ (ಎತ್ತಿದ ದುಡ್ಡು), ಮತ್ತೆ ಋಣ. ಚಿಹ್ನೆ ಎರಡು ಸಲ ಬದಲಾದರೆ ಆ ಬಹುಪದೋಕ್ತಿಗೆ ಎರಡು ಧನ ಮೂಲಗಳು ಇರಬಹುದು. ಇಲ್ಲಿ ಇವೆ ಕೂಡ: ಒಂದು ತಿಂಗಳಿಗೆ ಸುಮಾರು ಶೇಕಡಾ 3.1, ಇನ್ನೊಂದು 42ರ ಆಸುಪಾಸು. ಎರಡನೆಯದನ್ನು ಬಿಟ್ಟರೂ ಮೊದಲನೆಯದು ಸರಿಯಲ್ಲ. ನಾವು ಮೊದಲು ಕಟ್ಟಿದ ದುಡ್ಡಿಗೂ ತಿಂಗಳಿಗೆ 3.1 ಬಡ್ಡಿ ಸಿಗುತ್ತಿತ್ತು ಎಂದು ಅದು ಒಪ್ಪಿಕೊಂಡಿರುತ್ತದೆ. ಅಷ್ಟು ಬಡ್ಡಿ ಯಾವ ಆರ್‌ಡಿಯಲ್ಲಿ ಸಿಗುತ್ತದೆ?

ಸರಿಯಾದ ದಾರಿ

ಚೀಟಿಯನ್ನು ಎತ್ತಿದ ದಿನದಲ್ಲಿ ಎರಡು ತುಂಡು ಮಾಡಿ. ಮೊದಲ ತುಂಡು ಉಳಿತಾಯ, ಅದಕ್ಕೆ ಆರ್‌ಡಿ ಬಡ್ಡಿ ಹಾಕಿ. ತಿಂಗಳಿಗೆ ಶೇಕಡಾ 0.5 ಎಂದು ಹಿಡಿದರೆ ಐದು ಕಂತು ಆರನೇ ತಿಂಗಳಿಗೆ 19,033 ಆಗುತ್ತದೆ. ಎತ್ತಿದ ತಿಂಗಳೂ 4,000 ಕಂತು ಕಟ್ಟಲಿಕ್ಕಿದೆ. ಆದ್ದರಿಂದ

75,000 − 4,000 − 19,033 = 51,967

ನಿಜವಾದ ಸಾಲ ಇಷ್ಟೇ. ಎರಡನೇ ತುಂಡು ತೀರುವಳಿ: ಮುಂದಿನ 14 ಕಂತು, ಒಟ್ಟು 63,500. ಇಲ್ಲಿ ಚಿಹ್ನೆ ಒಂದೇ ಸಲ ಬದಲಾಗುತ್ತದೆ, ಉತ್ತರವೂ ಒಂದೇ.

```python
s = sum(3750*1.005**k for k in range(1, 6))
loan = 75000 - 4000 - s
emi = [4000]*4 + [4500]*5 + [5000]*5
lo, hi = 0, 0.1
for _ in range(50):
    r = (lo + hi)/2
    pv = sum(e/(1+r)**(i+1) for i, e in enumerate(emi))
    if pv > loan: lo = r
    else: hi = r
print(r, (1+r)**12 - 1)
```

ತಿಂಗಳಿಗೆ ಶೇಕಡಾ 2.66. ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಸುಮಾರು 37! ಒಂಬತ್ತು ಎಂದುಕೊಂಡದ್ದು ಮೂವತ್ತೇಳು. ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಏಲಂಗೆ ಹೋಗುವ ಮುಂಚೆ

ಎತ್ತಿದ ಮೇಲೆ ಬಡ್ಡಿ ಗೊತ್ತಾಗಿ ಪ್ರಯೋಜನ ಕಡಿಮೆ. ಇದೇ ಲೆಕ್ಕವನ್ನು ತಿರುಗಿಸಿದರೆ ಎಷ್ಟರವರೆಗೆ ಕೂಗಬಹುದು ಎಂದು ಸಿಗುತ್ತದೆ. ಊರಿನ ಸೊಸೈಟಿಯಲ್ಲಿ ಚಿನ್ನ ಇಟ್ಟರೆ ತಿಂಗಳಿಗೆ ಶೇಕಡಾ 1ಕ್ಕೆ ಸಾಲ ಸಿಗುತ್ತದೆ ಎಂದುಕೊಳ್ಳುವ. ಆ ದರದಲ್ಲಿ 14 ಕಂತುಗಳ ಇಂದಿನ ಬೆಲೆ 58,784. ಅದಕ್ಕೆ ನಮ್ಮ ಉಳಿತಾಯ 19,033 ಸೇರಿಸಿದರೆ 77,817. ಬಿಟ್ಟುಕೊಡುವ ಹಣ D ಆದರೆ, ಆ ತಿಂಗಳ ಕಂತು ಕಳೆದು ಕೈಯಲ್ಲಿ ಉಳಿಯುವುದು

(1,00,000 − D) − (5,250 − D/20) = 94,750 − 0.95 D

ಇದು 77,817ಕ್ಕೆ ಸಮವಾಗಬೇಕಾದರೆ D ಸುಮಾರು 17,800. ಅದಕ್ಕಿಂತ ಮೇಲೆ ಕೂಗುವ ಬದಲು ಸೊಸೈಟಿಗೆ ಹೋಗುವುದೇ ಒಳ್ಳೆಯದು. ಗೆಳೆಯನ ಮನೆಯವರು ಏಲಂನ ಬಿಸಿಯಲ್ಲಿ 7,200 ಹೆಚ್ಚು ಬಿಟ್ಟಿದ್ದರು.

ಈ ಲೆಕ್ಕಕ್ಕೂ ಮಿತಿ ಇದೆ. ಮುಂದಿನ ತಿಂಗಳುಗಳಲ್ಲಿ ಎಷ್ಟಕ್ಕೆ ಏಲಂ ಆಗುತ್ತದೆ ಎನ್ನುವುದು ಅಂದಾಜು ಮಾತ್ರ. ಬೇರೆಯವರು ಹೆಚ್ಚು ಬಿಟ್ಟರೆ ನಮ್ಮ ಕಂತು ಇಳಿದು ಬಡ್ಡಿ ಕಡಿಮೆಯಾಗುತ್ತದೆ, ಕಡಿಮೆ ಬಿಟ್ಟರೆ ಏರುತ್ತದೆ. ಆದ್ದರಿಂದ ಮುಂದೆ ಡಿವಿಡೆಂಡ್ ಸೊನ್ನೆ ಎಂದು ಹಿಡಿದು ಒಂದು ಸಲ ಲೆಕ್ಕ ಮಾಡಿ. ಅದು ಕೆಟ್ಟ ಪರಿಸ್ಥಿತಿಯ ಉತ್ತರ. ಡಿವಿಡೆಂಡ್ ಮರು ತಿಂಗಳು ಕಳೆಯುವ ಚೀಟಿಯಾದರೆ ಕಂತುಗಳನ್ನು ಒಂದು ತಿಂಗಳು ಮುಂದಕ್ಕೆ ಸರಿಸಿ. ಕಮಿಷನ್ನಿನ ಮೇಲೆ ಜಿಎಸ್‌ಟಿ ಬೇರೆ ತೆಗೆದುಕೊಂಡರೆ ಅದನ್ನೂ ಸೇರಿಸಿ.

ಇನ್ನೊಂದು ಬದಿ ನೋಡಿ. ಇದೇ ಚೀಟಿಯಲ್ಲಿ 20ನೇ ತಿಂಗಳವರೆಗೆ ಕಾದವರು 86,250 ಕಟ್ಟಿ 95,000 ಪಡೆಯುತ್ತಾರೆ. ಅವರಿಗೆ ವರ್ಷಕ್ಕೆ ಶೇಕಡಾ 13–14ರಷ್ಟು ಸಿಕ್ಕ ಹಾಗಾಯಿತು. ಆದರೆ 20 ತಿಂಗಳೂ ಎಲ್ಲರೂ ಕಂತು ಕಟ್ಟಿದರೆ, ಫೋರ್‌ಮನ್ ಊರು ಬಿಡದಿದ್ದರೆ ಮಾತ್ರ. ಚೀಟಿ ಶುರು ಮಾಡಲು ರಾಜ್ಯ ಸರ್ಕಾರದ ಅಥವಾ ಅದು ಅಧಿಕಾರ ಕೊಟ್ಟ ಅಧಿಕಾರಿಯ ಪೂರ್ವಾನುಮತಿ ಬೇಕೆಂದು ಕಾಯ್ದೆ ಹೇಳುತ್ತದೆ. ಆ ಕಾಗದ ಇಲ್ಲದ ಚೀಟಿಯಲ್ಲಿ ಕೊನೆಯವರೆಗೆ ಕಾಯುವವರಿಗೇ ಹೆಚ್ಚು ಅಪಾಯ.

ಗೆಳೆಯ ರಜೆಯಲ್ಲಿ ಮನೆಗೆ ಹೋಗುವಾಗ ಈ ಕೋಡ್ ಮೊಬೈಲಿನಲ್ಲಿ ಹಾಕಿಕೊಂಡು ಹೋಗಿದ್ದಾನೆ. ಅವನ ಅಮ್ಮನ ಹೆಸರಲ್ಲಿ ಇನ್ನೊಂದು ಚೀಟಿ ಇದೆಯಂತೆ, ಅದನ್ನು ಇನ್ನೂ ಎತ್ತಿಲ್ಲ.